ಮಂಡ್ಯ ಸ್ಟೇಷನ್ನಿನಲ್ಲಿ ಒಂದು ರಾತ್ರಿ: ನನ್ನ ಕತೆ ಎಲ್ಲಿ ಎಡವುತ್ತಿದೆ, ಹೇಳಿ

ಕಬ್ಬಿನಗದ್ದೆ

ಒಂದು ಸಣ್ಣ ಕತೆ ಬರೆದಿದ್ದೇನೆ, ಐದು ಪುಟ. ಒಂದು ಪತ್ರಿಕೆಗೆ ಕಳಿಸಿದ್ದೆ, ವಾಪಸ್ ಬಂತು. ಮೊದಲ ಪುಟದ ಮೇಲೆ ಪೆನ್ಸಿಲ್ಲಿನಲ್ಲಿ ಒಂದೇ ಸಾಲು: 'ಇವರು ಯಾಕೆ ಮನೆಗೆ ಹೋಗಲಿಲ್ಲ?'

ಕತೆ ಇಷ್ಟು. ಪುಟ್ಟಸ್ವಾಮಿ, ಜಯಮ್ಮ. ಅವರಿಗೆ ಅರವತ್ತೆಂಟು, ಇವರಿಗೆ ಅರವತ್ತೆರಡು. ಮಗಳು ಪುತ್ತೂರಿನಲ್ಲಿದ್ದಾಳೆ, ಅವಳ ಬಾಣಂತನಕ್ಕೆ ಹೊರಟಿದ್ದಾರೆ. ಬೆಂಗಳೂರಿನಿಂದ ಮೈಸೂರು, ಹಾಸನದ ಮೇಲೆ ಕರಾವಳಿಗೆ ಹೋಗುವ ರಾತ್ರಿ ಗಾಡಿ. ಮಂಡ್ಯಕ್ಕೆ ಹತ್ತೂವರೆ ಸುಮಾರಿಗೆ ಬರಬೇಕು. ಬರುವುದಿಲ್ಲ. ಮೊದಲು ನಲವತ್ತು ನಿಮಿಷ ತಡ ಅಂತಾರೆ, ಆಮೇಲೆ ಒಂದೂಕಾಲು ಗಂಟೆ, ಹೀಗೆ ಬೆಳೆಯುತ್ತಾ ಹೋಗಿ ಬೆಳಗಿನ ಜಾವ ನಾಲ್ಕೂಕಾಲಿಗೆ ಬರುತ್ತದೆ. ಅಷ್ಟು ಹೊತ್ತು ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ಕೂತು ಮಾತಾಡುತ್ತಾರೆ. ಕೊನೆಯಲ್ಲಿ ಗೊತ್ತಾಗುತ್ತದೆ: ಇವರು ಆಟೋ ಹತ್ತುವಾಗಲೇ ಮನೆ ಒಳಗೆ ಇವರ ರೂಮಿನಿಂದ ಮಂಚ ಎಳೆದ ಸದ್ದು ಬಂದಿತ್ತು. ಮಗ, ಸೊಸೆ ಆ ರೂಮು ತಗೊಂಡರು. ಅದು ಕೊನೆಯ ಪ್ಯಾರಾ.

ಮನೆ ಸ್ಟೇಷನ್ನಿನಿಂದ ಆರು ಕಿಲೋಮೀಟರ್. ಹಂಗಾಗಿ ಆ ಪೆನ್ಸಿಲ್ ಪ್ರಶ್ನೆ ನ್ಯಾಯವೇ. ಆದರೆ ಉತ್ತರ ಕೊನೇ ಪ್ಯಾರಾದಲ್ಲಿದೆ ಅಲ್ವಾ? ಓದಿದವರಿಗೆ ಅದು ತಲುಪಲಿಲ್ಲ ಅಂದರೆ ತಪ್ಪು ಎಲ್ಲಿ?

ಪುತ್ತೂರಿನವ

ಸಾರ್, ಈಗಲೂ ಸ್ಟೇಷನ್ನಿನಲ್ಲೇ ಇದ್ದೀರಾ? ಸುಮ್ನೆ ಕಾಯಬೇಡಿ. ಮಂಡ್ಯದಿಂದ ಮೈಸೂರಿಗೆ ರಾತ್ರಿ ಎಲ್ಲ ಬಸ್ಸಿದೆ. ಮೈಸೂರಿನಲ್ಲಿ ಮಡಿಕೇರಿ ಮೇಲೆ ಪುತ್ತೂರಿಗೆ ಬಸ್ ಸಿಗುತ್ತದೆ. ಘಾಟಿಯಲ್ಲಿ ತಿರುವು ಜಾಸ್ತಿ, ಅಮ್ಮನವರಿಗೆ ವಾಂತಿ ಆಗೋ ಹಾಗಿದ್ದರೆ ಮುಂದಿನ ಸೀಟು ಕೇಳಿ.

ಕಬ್ಬಿನಗದ್ದೆ

ಅಯ್ಯೋ, ನಾನಲ್ಲ ಸಾರ್. ಕತೆಯಲ್ಲಿ.

ಪುತ್ತೂರಿನವ

ಓ. ಸರಿ ಸರಿ. ಆದರೂ ಬಸ್ಸಿದೆ.

ಕೆಂಪು ಪೆನ್ನು

ನಗಬೇಡಿ, ಪುತ್ತೂರಿನವರು ಹೇಳಿದ್ದೇ ನಿಮ್ಮ ಕತೆಯ ರೋಗ. ಈ ಊರಿನ ಓದುಗ ಮೊದಲು ಕೇಳುವುದೇ 'ಬಸ್ ಇತ್ತಲ್ಲ?' ಅಂತ. ಮರುಭೂಮಿಯ ನಡುವಿನ ಸ್ಟೇಷನ್ ಆಗಿದ್ದರೆ 'ಸಿಕ್ಕಿಹಾಕಿಕೊಂಡರು' ಅಂದರೆ ಸಾಕಿತ್ತು. ಮಂಡ್ಯದಲ್ಲಿ ಸಿಕ್ಕಿಹಾಕಿಕೊಳ್ಳುವುದು ಕಷ್ಟದ ಕೆಲಸ. ಹೆದ್ದಾರಿ ಪಕ್ಕದಲ್ಲೇ ಇದೆ, ಆಟೋ ಇದೆ, ಮನೆ ಇದೆ.

ಮಾಡಬೇಕಾದ್ದು ಒಂದೇ: ಬಾಗಿಲು ಮುಚ್ಚಿ. ಮಳೆ ತನ್ನಿ. ಆಟೋ ಮುಷ್ಕರ ತನ್ನಿ. ಮನೆ ನಲವತ್ತು ಕಿಲೋಮೀಟರ್ ದೂರದ ಹಳ್ಳಿ ಅಂತ ಮಾಡಿ. ಆಗ ಪ್ರಶ್ನೆಯೇ ಏಳುವುದಿಲ್ಲ.

ಅಡಿಗೆಮನೆ ಕಿಟಕಿ

ನನಗೆ ಉಲ್ಟಾ ಅನ್ನಿಸುತ್ತೆ. ಬಾಗಿಲು ಮುಚ್ಚಿದರೆ ಅದು ರೈಲಿನ ಕತೆ ಆಗುತ್ತೆ. ಮಳೆ, ಮುಷ್ಕರ ಇದ್ದರೆ ಯಾರಾದರೂ ಅಲ್ಲೇ ಕೂರುತ್ತಾರೆ. ಅವರು ಹೋಗಬಹುದಾಗಿದ್ದೂ ಹೋಗಲಿಲ್ಲ ಅನ್ನೋದೇ ಇಲ್ಲಿನ ನೋವು. ಬಾಗಿಲು ಒಂದೊಂದಾಗಿ ತೆಗೀರಿ. ಪ್ರತಿ ಸಲ ತೆಗೆದಾಗಲೂ ಇಬ್ಬರಲ್ಲಿ ಒಬ್ಬರು ಏನೋ ಒಂದು ನೆಪ ಹೇಳಲಿ.

ಇನ್ನೊಂದು. ಕತೆ ಪೂರ್ತಿ ಇಲ್ಲಿ ಹಾಕಿಲ್ಲ, ಆದರೆ 'ಮೊದಲು ನಲವತ್ತು ನಿಮಿಷ, ಆಮೇಲೆ ಒಂದೂಕಾಲು ಗಂಟೆ' ಅಂದಿದ್ದೀರಲ್ಲ, ಪ್ರತಿ ಸಲವೂ ಅನೌನ್ಸ್‌ಮೆಂಟ್ ಬರುತ್ತಾ? 'ಪ್ರಯಾಣಿಕರ ಗಮನಕ್ಕೆ' ಅಂತ?

ಕಬ್ಬಿನಗದ್ದೆ

ಹೌದು, ಆರು ಸಲ. ಅದೇ ಕತೆಯ ಗಡಿಯಾರ ಅಂದುಕೊಂಡಿದ್ದೆ.

ಅಡಿಗೆಮನೆ ಕಿಟಕಿ

ಆರು ಸಲ ಜಾಸ್ತಿ ಆಯ್ತು. ಎರಡು ಸಾಕು. ಗಡಿಯಾರಕ್ಕೆ ಮೊಸರನ್ನ ಇಟ್ಟುಕೊಳ್ಳಿ. ರಾತ್ರಿ ಪ್ರಯಾಣಕ್ಕೆ ಕಲಸುವಾಗ ನಾವು ಅನ್ನ ಚೆನ್ನಾಗಿ ಆರಿಸಿ, ಹಿಸುಕಿ, ಹಾಲು ಜಾಸ್ತಿ ಹಾಕಿ, ಮೊಸರು ಒಂದೇ ಚಮಚ ಹಾಕುತ್ತೇವೆ. ಹೊರಡುವಾಗ ಅದು ಹಾಲನ್ನವೇ. ನಾಲ್ಕೈದು ಗಂಟೆ ಕಳೆಯೋ ಹೊತ್ತಿಗೆ ತಿನ್ನಲು ಹದವಾಗಿರುತ್ತೆ. ಆಮೇಲೆ ಹುಳಿ ಏರುತ್ತಾ ಹೋಗುತ್ತೆ. ಸೆಕೆಯ ರಾತ್ರಿಯಾದರೆ ಇನ್ನೂ ಬೇಗ. ಜಯಮ್ಮ ಗಂಟೆ ನೋಡುವವರಲ್ಲ. ಡಬ್ಬಿ ಮುಚ್ಚಳ ತೆಗೆದು ಮೂಸಿ ನೋಡಿದರೆ ಅವರಿಗೆ ಎಷ್ಟು ಹೊತ್ತಾಯ್ತು ಅಂತ ಗೊತ್ತಾಗುತ್ತೆ. ಅದೂ ಯಾರಿಗೆ ಕಲಸಿದ್ದು? ರೈಲಿನಲ್ಲಿ ತಿನ್ನೋಕೆ. ರೈಲು ಬರೋ ತನಕ ತಿನ್ನಲ್ಲ ಅಂತ ಅವರ ಹಟ.

ಹಸಿರು ಬಾವುಟ

ನಾನು ರೈಲ್ವೆಯಲ್ಲಿ ಇದ್ದವನು, ಬಹುಪಾಲು ಸಣ್ಣ ಸ್ಟೇಷನ್ನುಗಳಲ್ಲಿ. ಕತೆ ಬರೆಯೋದು ನನಗೆ ಬರೋದಿಲ್ಲ, ಆದರೆ ತಡ ಅಂದರೆ ಏನು ಅಂತ ಗೊತ್ತು. ನಿಮ್ಮ ಗಾಡಿ ಯಾಕೆ ತಡವಾಯಿತು ಅಂತ ಬರೆದಿದ್ದೀರಿ?

ಕಬ್ಬಿನಗದ್ದೆ

ಮದ್ದೂರಿನಲ್ಲಿ ಕ್ರಾಸಿಂಗ್‌ಗೆ ನಿಂತಿದೆ ಅಂತ ಒಬ್ಬರು ಹೇಳುತ್ತಾರೆ. ಎದುರಿನಿಂದ ಗಾಡಿ ಬರಬೇಕು ಅಂತ.

ಹಸಿರು ಬಾವುಟ

ಅದನ್ನು ತೆಗೆದುಹಾಕಿ. ಬೆಂಗಳೂರು, ಮೈಸೂರು ನಡುವೆ ಈಗ ಜೋಡಿ ಹಳಿ. ಹೋಗೋಕೆ ಒಂದು, ಬರೋಕೆ ಒಂದು. ಎದುರಿನ ಗಾಡಿಗೆ ಯಾರೂ ನಿಲ್ಲುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂದು, 2017ರಲ್ಲಿ ಅದನ್ನೇ ಇಡಿಯಾಗಿ ಸರಿಸಿ ಹಳಿಗೆ ಜಾಗ ಮಾಡಿಕೊಂಡರಲ್ಲ, ಅದು ಈ ಜೋಡಿ ಹಳಿಗಾಗಿಯೇ. ಕತೆ ಅದಕ್ಕೂ ಹಿಂದಿನದು ಅಂತಾದರೆ ಬೇರೆ ಮಾತು. ಮೈಸೂರು ದಾಟಿ ಹಾಸನದ ಕಡೆ ಹೊರಟರೆ ಒಂಟಿ ಹಳಿ, ಅಲ್ಲಿ ಕ್ರಾಸಿಂಗ್ ಇದೆ. ಆದರೆ ನಿಮ್ಮವರು ಗಾಡಿ ಅಲ್ಲಿಗೆ ಹೋಗೋದಕ್ಕೂ ಮೊದಲೇ ಕಾಯುತ್ತಿದ್ದಾರೆ.

ಎಂಜಿನ್ ಕೆಟ್ಟಿತು ಅಂದರೂ ಸರಿಹೋಗುವುದಿಲ್ಲ. ಬೇರೆ ಎಂಜಿನ್ ತಂದು ಜೋಡಿಸಿ ಎಳೆದುಕೊಂಡು ಬರುತ್ತಾರೆ. ಬೆಂಗಳೂರಿಗೆ ಇಷ್ಟು ಹತ್ತಿರ ಅದಕ್ಕೆ ಆರು ಗಂಟೆ ಹಿಡಿದರೆ ನಾನೇ ನಂಬಲ್ಲ. ಆರು ಗಂಟೆ ಬೇಕು ಅಂದರೆ ಮೇಲಿನ ಕರೆಂಟ್ ತಂತಿ ಹರಿಸಿ. ಅದು ಎಂಜಿನ್ನಿನ ಮೇಲಿನ ಕಬ್ಬಿಣದ ಕೈಗೆ ಸುತ್ತಿಕೊಂಡು ಬಂತು ಅನ್ನಿ. ಆಗ ಅಲ್ಲಿ ಕರೆಂಟ್ ತೆಗೀಬೇಕು, ಟವರ್ ವ್ಯಾಗನ್ ಬರಬೇಕು, ಅದು ಹಳಿ ಮೇಲೆ ಓಡುವ ರಿಪೇರಿ ಗಾಡಿ. ಕತ್ತಲಲ್ಲಿ ಏಣಿ ಹತ್ತಿ ತಂತಿ ಎಳೆದು ಕಟ್ಟಬೇಕು. ಆಗ ಹೊತ್ತು ಹೋಗುತ್ತೆ.

ಇನ್ನು ನಿಮ್ಮ 'ನಲವತ್ತು ನಿಮಿಷ, ಒಂದೂಕಾಲು ಗಂಟೆ' ಸರಿಯಾಗಿದೆ. ಜನ ಅದನ್ನು ಸುಳ್ಳು ಹೇಳುತ್ತಾರೆ ಅಂದುಕೊಳ್ಳುತ್ತಾರೆ. ಸುಳ್ಳಲ್ಲ. ಕೊನೆಗೆ ದಾಟಿದ ಸ್ಟೇಷನ್ನಿನಲ್ಲಿ ಎಷ್ಟು ತಡ ಇತ್ತೋ ಆ ಲೆಕ್ಕವನ್ನೇ ಮುಂದಕ್ಕೆ ಹಾಕಿ ತೋರಿಸುತ್ತದೆ. ಗಾಡಿ ನಿಂತೇ ಇದ್ದರೆ ಆ ಲೆಕ್ಕ ಬೆಳೆಯುತ್ತಾ ಹೋಗುತ್ತದೆ. ತಂತಿ ಯಾವಾಗ ಸರಿಹೋಗುತ್ತೆ ಅನ್ನೋದು ಆ ಲೆಕ್ಕದಲ್ಲಿ ಇರೋದೇ ಇಲ್ಲ. ಹಾಗಾಗಿ ಕಾಯುವವರಿಗೆ ಯಾವಾಗಲೂ 'ಇನ್ನು ಸ್ವಲ್ಪ ಹೊತ್ತು' ಅಂತಲೇ ಕಾಣುತ್ತದೆ. ಆರು ಗಂಟೆ ತಡ ಅಂತ ಮೊದಲೇ ಹೇಳಿದ್ದರೆ ಪುಟ್ಟಸ್ವಾಮಿ ಎದ್ದು ಹೋಗುತ್ತಿದ್ದರೋ ಏನೋ.

ಬೆಂಗ್ಳೂರ್ ಪಾಸ್

ದಿನಾ ಮಂಡ್ಯದಿಂದ ಬೆಂಗಳೂರಿಗೆ ಓಡಾಡೋನು ನಾನು. ಒಂದು ವಿಷಯ ಮರೆತಿದ್ದೀರಾ. ಗಾಡಿ ಮೂರು ಗಂಟೆ ತಡವಾದರೆ ಟಿಕೆಟ್ ದುಡ್ಡು ಪೂರ್ತಿ ವಾಪಸ್, ತಾನಾಗೇ ಅಕೌಂಟಿಗೆ ಬೀಳುತ್ತೆ. ಅವರು ಆರಾಮಾಗಿ ಮನೆಗೆ ಹೋಗಿ ಮಲಗಬಹುದಿತ್ತು.

ಹಸಿರು ಬಾವುಟ

ಅರ್ಧ ಸರಿ. ತಾನಾಗೇ ಬೀಳೋದು ಗಾಡಿ ರದ್ದಾದರೆ, ಅದೂ ಆನ್‌ಲೈನ್ ಟಿಕೆಟ್‌ಗೆ. ತಡಕ್ಕೆ ಹಾಗಲ್ಲ. ನೀವು ಹತ್ತುವ ಸ್ಟೇಷನ್ನಿನಲ್ಲಿ ಮೂರು ಗಂಟೆಗಿಂತ ಜಾಸ್ತಿ ತಡ ಇರಬೇಕು, ನೀವು ಪ್ರಯಾಣ ಮಾಡಬಾರದು, ಮತ್ತೆ ಗಾಡಿ ನಿಜವಾಗಿ ಹೊರಡೋ ಮೊದಲೇ ಟಿಡಿಆರ್ ಹಾಕಬೇಕು, ಅಂದರೆ ದುಡ್ಡು ವಾಪಸ್ ಕೇಳೋ ಅರ್ಜಿ. ಬೆಳಿಗ್ಗೆ ಎದ್ದು ಹಾಕ್ತೀನಿ ಅಂತ ಮಲಗಿದರೆ ಹೋಯ್ತು. ಎಷ್ಟೋ ಜನ ಅಲ್ಲೇ ಕಳಕೊಳ್ಳೋದು.

ಬೆಂಗ್ಳೂರ್ ಪಾಸ್

ಕೌಂಟರ್ ಟಿಕೆಟ್ ಆದ್ರೆ? ರಾತ್ರಿ ಒಂದು ಗಂಟೆಗೆ ರಿಸರ್ವೇಶನ್ ಕೌಂಟರ್ ಮುಚ್ಚಿರುತ್ತಲ್ಲ.

ಹಸಿರು ಬಾವುಟ

ಆಗ ಸ್ಟೇಷನ್ ಮಾಸ್ಟರ್ ಹತ್ತಿರ ಹೋಗಿ ಜಗಳ ಆಡಬೇಕು. ನನ್ನ ಜೊತೆಯೂ ಆಡಿದ್ದಾರೆ. ಕತೆಗೆ ಅದು ಬೇಡ, ಮಗ ಫೋನಿನಲ್ಲಿ ಮಾಡಿಕೊಟ್ಟ ಟಿಕೆಟ್ ಅನ್ನಿ.

ಅಡಿಗೆಮನೆ ಕಿಟಕಿ

ತಡೀರಿ ತಡೀರಿ. ಇದು ಬಂಗಾರ. ಮೂರು ಗಂಟೆಯ ಗೆರೆ! ಎರಡು ಗಂಟೆ ಐವತ್ತು ನಿಮಿಷಕ್ಕೆ ಪುಟ್ಟಸ್ವಾಮಿ ಕೈಯಲ್ಲಿ ಫೋನ್ ಹಿಡಿದು ಕೂತಿದ್ದಾರೆ. ಇನ್ನು ಹತ್ತು ನಿಮಿಷ ದಾಟಿದರೆ ದುಡ್ಡು ವಾಪಸ್, ಮನೆಗೆ ಹೋಗೋಕೆ ಒಳ್ಳೆ ಕಾರಣ. ಇಲ್ಲಿ ತನಕ 'ದುಡ್ಡು ಹಾಳಾಗುತ್ತೆ' ಅಂತ ನೆಪ ಇತ್ತು. ಗೆರೆ ದಾಟಿತು ಅಂದ್ಮೇಲೆ ಆ ನೆಪವೂ ಇಲ್ಲ. ಆದರೂ ಏಳಲಿಲ್ಲ ಅಂದರೆ ಓದುವವರಿಗೆ ತಾನೇ ಅನುಮಾನ ಬರುತ್ತೆ. ಆ ಪೆನ್ಸಿಲ್ ಪ್ರಶ್ನೆ ಇದೆಯಲ್ಲ, ಅದನ್ನು ಓದುಗರೇ ಕೇಳೋ ಹಾಗೆ ಮಾಡಿ. ಆಗ ಅದು ತಪ್ಪಲ್ಲ, ಅದೇ ಕತೆ.

ಕೆಂಪು ಪೆನ್ನು

ಮುಳುಗುವವನಿಗೆ ಹುಲ್ಲುಕಡ್ಡಿ ಅಂದಂಗೆ ನಿಯಮ ಹಿಡಕೊಂಡು ಕತೆ ಕಟ್ಟಬೇಡಿ. ಎಷ್ಟು ಓದುಗರಿಗೆ ಟಿಡಿಆರ್ ಗೊತ್ತು?

ಅಡಿಗೆಮನೆ ಕಿಟಕಿ

ಟಿಡಿಆರ್ ಅನ್ನೋ ಹೆಸರೇ ಬೇಡ. 'ಮೂರು ಗಂಟೆ ದಾಟಿದ್ರೆ ದುಡ್ಡು ವಾಪಸ್ಸಂತೆ' ಅಂತ ಪಕ್ಕದ ಬೆಂಚಿನ ಹುಡುಗ ಹೇಳಿದರೆ ಸಾಕು.

ಪುತ್ತೂರಿನವ

ನಮ್ಮ ಮನೆಯಲ್ಲೂ ಒಂದು ಸಲ ಆಯ್ತು ನೋಡಿ. ಗಾಡಿ ರಾತ್ರಿ 12 ಗಂಟೆ 10 ನಿಮಿಷಕ್ಕೆ. ಟಿಕೆಟಿನಲ್ಲಿ ಹದಿನಾಲ್ಕನೇ ತಾರೀಕು. ಅಪ್ಪ ಹದಿನಾಲ್ಕರ ರಾತ್ರಿ ಊಟ ಮುಗಿಸಿ ನಮ್ಮನ್ನೆಲ್ಲ ಕರಕೊಂಡು ಹೊರಟರು. ಸ್ಟೇಷನ್ನಿಗೆ ಹೋಗಿ ಕೂತು ಕಾದದ್ದೇ ಕಾದದ್ದು. ಗಾಡಿ ಬಂತು, ನಮ್ಮ ಸೀಟಿನಲ್ಲಿ ಬೇರೆಯವರು! ಆಮೇಲೆ ಗೊತ್ತಾಯ್ತು, ನಮ್ಮದು ಹಿಂದಿನ ರಾತ್ರಿಯೇ ಹೋಗಿತ್ತು. ಹನ್ನೆರಡು ದಾಟಿದ ಕೂಡಲೇ ತಾರೀಕು ಬದಲು ಅನ್ನೋದು ತಲೆಗೇ ಹೋಗಿರಲಿಲ್ಲ. ಅಮ್ಮ ಅಪ್ಪನಿಗೆ ಬೆಳಗಾಗುವ ತನಕ ಒಂದು ಮಾತೂ ಬೈಯಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೂತ ಮೇಲೆ ಶುರು ಮಾಡಿದರು. ನಿಮ್ಮ ಕತೆಗೆ ಬೇಕಾದರೆ ತಗೊಳ್ಳಿ.

ಕಬ್ಬಿನಗದ್ದೆ

ಸಾರ್, ಅದು ನನ್ನ ಕತೆಗಿಂತ ಚೆನ್ನಾಗಿದೆ. ನೀವೇ ಬರೀರಿ.

ಹಸಿರು ಬಾವುಟದವರೇ, ಒಂದು ಪ್ರಶ್ನೆ. ನನ್ನ ಕತೆಯಲ್ಲಿ ಇಬ್ಬರೂ ನಡುರಾತ್ರಿ ಸ್ವಲ್ಪ ಹೊತ್ತು ನಿದ್ದೆ ಹೋಗುತ್ತಾರೆ. ಸರಿನಾ?

ಹಸಿರು ಬಾವುಟ

ಇಬ್ಬರೂ ಒಟ್ಟಿಗೆ ಮಲಗೋದು ಕಷ್ಟ. ಮಂಡ್ಯದಲ್ಲಿ ಗಾಡಿ ನಿಲ್ಲೋದೇ ಒಂದೆರಡು ನಿಮಿಷ. ವಯಸ್ಸಾದವರು, ಕೈಯಲ್ಲಿ ಬಾಣಂತಿಗೆ ಒಯ್ಯೋ ಸಾಮಾನು. ಅಂಟಿನುಂಡೆ, ಮೆಣಸಿನ ಪುಡಿ, ಹಳೇ ಸೀರೆಯ ಗಂಟು, ಎಲ್ಲ ಇರುತ್ತಲ್ಲ. ತಮ್ಮ ಬೋಗಿ ಬಂದು ನಿಲ್ಲೋ ಜಾಗದಲ್ಲಿ ಮೊದಲೇ ನಿಂತಿರಬೇಕು. ಅದಕ್ಕೇ ಇಂಥವರು ಸರದಿ ಮೇಲೆ ಮಲಗುತ್ತಾರೆ. ಒಬ್ಬರು ಮಲಗಿದರೆ ಒಬ್ಬರು ಎಚ್ಚರ. ಮೂವತ್ತು ವರ್ಷ ನೋಡಿದ್ದೀನಿ.

ಎಚ್ಚರ ಇರುವವರು ಏನು ನೋಡುತ್ತಾರೆ ಗೊತ್ತಾ? ಪ್ಲಾಟ್‌ಫಾರ್ಮಿನ ಮೈಸೂರು ಕಡೆಯ ತುದಿಯಲ್ಲಿರುವ ಸಿಗ್ನಲ್. ಕೆಂಪು ಹೋಗಿ ಹಸಿರಾದರೆ ಏನೋ ಬರುತ್ತಿದೆ ಅಂತ ಅರ್ಥ. ಎದ್ದು ಹೆಂಡತಿಯನ್ನು ಎಬ್ಬಿಸಿ, ಸಾಮಾನು ಎತ್ತಿಕೊಂಡು ನಿಂತರೆ ಬರೋದು ಗೂಡ್ಸ್. ನಿಲ್ಲದೆ ಹೋಗುತ್ತೆ. ಐವತ್ತು ಚಿಲ್ಲರೆ ವ್ಯಾಗನ್, ಕೂತ ಬೆಂಚೆಲ್ಲ ನಡುಗುತ್ತೆ, ಗಾಳಿಗೆ ಸೆರಗು ಹಾರುತ್ತೆ. ಅದು ಹೋದ ಮೇಲೆ ಆಗೋ ನಿಶ್ಶಬ್ದ ಇದೆಯಲ್ಲ, ಅದನ್ನು ಬರೀರಿ.

ಕೆಂಪು ಪೆನ್ನು

ಕತೆ ಬರೆಯೋದು ಬರಲ್ಲ ಅಂದಿದ್ದರು ಇವರು!

ಸರಿ, ಬಾಗಿಲು ಮುಚ್ಚಿ ಅಂದ ಮಾತು ಅರ್ಧ ವಾಪಸ್ ತಗೋತೀನಿ. ಆದರೆ ಮಂಚದ ಸದ್ದು ಕೊನೆಯಲ್ಲಿ ಇಡೋದು ಮಾತ್ರ ಬೇಡ. ಅದು ಮೋಸ. ಇಬ್ಬರಿಗೂ ಗೊತ್ತಿರೋ ವಿಷಯವನ್ನು ಓದುಗನಿಂದ ಐದು ಪುಟ ಬಚ್ಚಿಟ್ಟು ಕೊನೆಗೆ ತೆಗೆದು ತೋರಿಸ್ತೀರಿ. ಮೊದಲ ಸಾಲಿನಲ್ಲೇ ಇಡಿ. 'ಆಟೋ ಹೊರಡುವಾಗ ಒಳಗೆ ಮಂಚ ಎಳೆದ ಸದ್ದಾಯಿತು.' ಅಷ್ಟೇ. ಯಾಕೆ, ಯಾರು ಅಂತ ಏನೂ ಬೇಡ. ಓದುಗ ಅದನ್ನು ಮರೆತುಬಿಡುತ್ತಾನೆ. ಆಮೇಲೆ ನಡುರಾತ್ರಿ ಸ್ಟೇಷನ್ನಿನಲ್ಲಿ ಅಂಥದ್ದೇ ಇನ್ನೊಂದು ಸದ್ದು ಬರಲಿ. ಇಬ್ಬರೂ ಒಟ್ಟಿಗೆ ತಲೆ ಎತ್ತಲಿ. ಆಗ ನೆನಪಾಗುತ್ತೆ.

ಬೆಂಗ್ಳೂರ್ ಪಾಸ್

ನನಗೆ ಮಗನ ಮೇಲೆ ಸಿಟ್ಟು ಬರ್ತಿದೆ. ಆದರೆ ಒಂದು ಮಾತು. ಎರಡು ರೂಮಿನ ಮನೇಲಿ ಮಕ್ಕಳು ಮರಿ ಇದ್ದರೆ ಅಪ್ಪ ಅಮ್ಮ ಮೂರು ತಿಂಗಳು ಊರಿಗೆ ಹೋದಾಗ ಆ ರೂಮು ಬಳಸೋದು ತಪ್ಪಾ? ನಮ್ಮನೇಲೂ ಹಿಂಗೇ ಮಾಡಿದ್ವಿ. ಬಂದ ಮೇಲೆ ಬಿಟ್ಟುಕೊಟ್ವಿ.

ಅಡಿಗೆಮನೆ ಕಿಟಕಿ

ತಪ್ಪಲ್ಲ. ಅದಕ್ಕೇ ಯಾರೂ ಬಾಯಿಬಿಟ್ಟು ಹೇಳೋಕೆ ಆಗದ ನೋವು ಅದು. ಆಟೋ ಗೇಟು ದಾಟೋ ತನಕ ಕಾಯಬಹುದಿತ್ತು, ಅಷ್ಟೇ.

ಕಬ್ಬಿನಗದ್ದೆ

ಎರಡು ದಿನ ಆಯ್ತು, ನಡುವಿನ ಭಾಗ ತಿದ್ದಿ ಬರೆದೆ. ಹಾಕುತ್ತಿದ್ದೇನೆ, ಬೈಯಿರಿ.

*ಫೋನು ಎರಡು ಗಂಟೆ ಐವತ್ತು ನಿಮಿಷ ತಡ ಅಂತ ತೋರಿಸಿತು. ಪುಟ್ಟಸ್ವಾಮಿ ಕನ್ನಡಕ ಹಣೆಗೇರಿಸಿ ನೋಡಿದರು. ಇಳಿಸಿ ಇನ್ನೊಂದು ಸಲ ನೋಡಿದರು.*

*'ಇನ್ನತ್ತು ನಿಮಿಷ ಆದ್ರೆ ದುಡ್ಡೆಲ್ಲ ವಾಪಸ್ ಕೊಡ್ತಾರಂತೆ ಕಣಮ್ಮಿ. ಆ ಹುಡ್ಗ ಹೇಳ್ದ.'*

*'ಕೊಟ್ರೆ?'*

*'ಮನೆಗೋಗದು.'*

*ಜಯಮ್ಮ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. 'ಇನ್ನೂ ಹುಳಿ ಬಂದಿಲ್ಲ' ಅಂದು ಮುಚ್ಚಿದರು.*

*ತುದಿಯ ಸಿಗ್ನಲ್ ಹಸಿರಾಯಿತು. ಇಬ್ಬರೂ ಎದ್ದರು. ಅಂಟಿನುಂಡೆಯ ಡಬ್ಬ ಅವರ ಕೈಯಲ್ಲಿ, ಸೀರೆಯ ಗಂಟು ಇವರ ಸೊಂಟದಲ್ಲಿ. ಗೂಡ್ಸ್ ಬಂತು. ಹೋಯಿತು. ಹಳಿ ಇನ್ನೂ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿತ್ತು. ಇಬ್ಬರೂ ನಿಂತೇ ಇದ್ದರು, ಯಾರು ಮೊದಲು ಕೂರಬೇಕು ಅಂತ ತಿಳಿಯದವರಂತೆ.*

*ಮತ್ತೆ ಕೂತಾಗ ಮೂರು ಗಂಟೆ ಐದು ನಿಮಿಷ ಆಗಿತ್ತು. ಹುಡುಗ ತೋರಿಸಿಕೊಟ್ಟಿದ್ದ ಪುಟವನ್ನು ಪುಟ್ಟಸ್ವಾಮಿ ತೆಗೆದರು. ಬೆರಳು ಒತ್ತುವ ಜಾಗದ ಮೇಲೆಯೇ ನಿಂತಿತು.*

*'ಏನಾಯ್ತ್ರೀ?'*

*'ಚಾರ್ಜಿಲ್ಲ' ಅಂದು ಫೋನು ಜೇಬಿಗೆ ಹಾಕಿಕೊಂಡರು.*

*ಜಯಮ್ಮ ಆ ಫೋನಿನಲ್ಲೇ ಸಂಜೆ ಮಗಳ ಜೊತೆ ಮಾತಾಡಿದ್ದರು. ಚಾರ್ಜು ತುಂಬಿದ್ದನ್ನು ನೋಡಿದ್ದರು. 'ಹೋಗ್ಲಿ ಬುಡಿ. ಈಗ ನೀವು ಒಸಿ ಮಲಗಿ, ನಾನು ನೋಡ್ತೀನಿ' ಅಂದು ಸೆರಗು ಕಿವಿಗೆ ಸುತ್ತಿಕೊಂಡರು.*

*ಆ ಹೊತ್ತಿಗೆ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ನೀರು ಹಾಕಿ ತೊಳೆಯುತ್ತಿದ್ದವಳು ಒಂದು ಬೆಂಚನ್ನು ಗೋಡೆಯ ಕಡೆಗೆ ಎಳೆದಳು. ಕಲ್ಲಿನ ನೆಲದ ಮೇಲೆ ಕಬ್ಬಿಣದ ಕಾಲು. ಮಲಗಲು ಬಾಗಿದ್ದ ಪುಟ್ಟಸ್ವಾಮಿ ಹಾಗೇ ಕೂತರು. ಇಬ್ಬರೂ ಆ ಕಡೆ ನೋಡಲಿಲ್ಲ.*

ಅಡಿಗೆಮನೆ ಕಿಟಕಿ

'ಚಾರ್ಜಿಲ್ಲ' ಅಂದದ್ದು ಸಾಕು ನನಗೆ. ಆಮೇಲೆ 'ಚಾರ್ಜು ತುಂಬಿದ್ದನ್ನು ನೋಡಿದ್ದರು' ಅಂತ ಬಿಡಿಸಿ ಹೇಳಬೇಕಾ? ಅವರಿಗೆ ಸುಳ್ಳು ಗೊತ್ತಾಯಿತು ಅನ್ನೋದು 'ಹೋಗ್ಲಿ ಬುಡಿ'ಯಲ್ಲೇ ಬಂತಲ್ಲ.

ಕೆಂಪು ಪೆನ್ನು

ಇರಲಿ. ಅದಿಲ್ಲದಿದ್ದರೆ ನಿಜವಾಗಿ ಚಾರ್ಜ್ ಇಲ್ಲ ಅಂದುಕೊಳ್ಳುತ್ತಾರೆ. ತೆಗೀಬೇಕಾದ್ದು 'ಯಾರು ಮೊದಲು ಕೂರಬೇಕು ಅಂತ ತಿಳಿಯದವರಂತೆ' ಅನ್ನೋ ಬಾಲ. 'ಇಬ್ಬರೂ ನಿಂತೇ ಇದ್ದರು', ಅಲ್ಲಿಗೆ ಚುಕ್ಕಿ ಇಡಿ.

ಕಬ್ಬಿನಗದ್ದೆ

ಬಾಲ ಕತ್ತರಿಸಿದೆ. ಚಾರ್ಜಿನ ಸಾಲು ಇನ್ನೂ ಯೋಚನೆ ಮಾಡ್ತಾ ಇದ್ದೀನಿ. ನನ್ನ ಹೆಂಡತಿ ಇರಲಿ ಅಂತಾಳೆ.

ಪುತ್ತೂರಿನವ

ಮಗಳಿಗೆ ಹೆರಿಗೆ ಆಯ್ತಾ ಇಲ್ವಾ, ಅದನ್ನು ಹೇಳಲೇ ಇಲ್ಲ ನೀವು.

ಕಬ್ಬಿನಗದ್ದೆ

ಗಂಡು. ಮೂರು ಕೇಜಿ. ಕತೆಯಲ್ಲಿ ಬರಲ್ಲ.

ಹಸಿರು ಬಾವುಟ

ಎಲ್ಲ ಚೆನ್ನಾಗಿದೆ, ಒಂದು ಮಾತ್ರ ಆಗೋದಿಲ್ಲ. ಪ್ಲಾಟ್‌ಫಾರ್ಮಿನ ಬೆಂಚನ್ನು ನೆಲಕ್ಕೆ ಸೇರಿಸಿ ಕೂರಿಸಿರುತ್ತಾರೆ. ಒಬ್ಬ ಹೆಂಗಸು ಎಳೆಯೋದು ಇರಲಿ, ನಾಲ್ಕು ಜನ ಸೇರಿದರೂ ಅಲುಗಲ್ಲ. ಪಾರ್ಸಲ್ ಹೊರೋ ಕೈಗಾಡಿ ಮಾಡಿ. ಕಬ್ಬಿಣದ ಚಕ್ರ, ಒಂದು ಚಕ್ರ ತಿರುಗಲ್ಲ, ಎಳೆದರೆ ನೆಲ ಕೆರೆಯುತ್ತೆ. ಸದ್ದು ಅದೇ ಬರುತ್ತೆ.

ಕಬ್ಬಿನಗದ್ದೆ

ಕೈಗಾಡಿ ಮಾಡಿದೆ. ತಿರುಗದ ಚಕ್ರವನ್ನೂ ಹಾಕಿಕೊಂಡೆ.